ಶಿವರಾತ್ರಿಯ ಉಪವಾಸ ಮತ್ತು ಒಂದು ವೀಡಿಯೊದ ಮೊದಲ ಮಾತು

ಮಾಘ ಬಹುಳ ಚತುರ್ದಶಿಯು ಸಮೀಪಿಸುತ್ತಿದ್ದಂತೆ ದಾವಣಗೆರೆಯ ಹಣ್ಣಿನ ಅಂಗಡಿಗಳ ಮುಂದೆ ಕಲ್ಲಂಗಡಿ, ಕರ್ಬೂಜ, ದ್ರಾಕ್ಷಿ, ಖರ್ಜೂರಗಳ ರಾಶಿ ಏಳತೊಡಗುತ್ತದೆ. ಅದೇ ದಿನಗಳಲ್ಲಿ ಎಂ.ಸಿ.ಸಿ. ಬಡಾವಣೆಯ ಮನೆಮನೆಯ ಮೊಬೈಲುಗಳಿಗೆ ಉಪವಾಸದ ವೀಡಿಯೊಗಳೂ ಬರತೊಡಗುತ್ತವೆ. ಯಾವ ಹೊತ್ತಿಗೆ ಸ್ನಾನ, ಎಷ್ಟು ಜಾವಗಳ ಪೂಜೆ, ಸಬ್ಬಕ್ಕಿಯ ಖಿಚಡಿ ಉದುರುದುರಾಗಿ ಬರುವುದು ಹೇಗೆ, ಉಪವಾಸದಿಂದ ದೇಹಕ್ಕಾಗುವ ಪ್ರಯೋಜನಗಳೇನು ಎಂಬುದನ್ನೆಲ್ಲ ಸವಿಸ್ತಾರವಾಗಿ ಹೇಳಿದ ಮೇಲೆ, ಕಟ್ಟಕಡೆಗೆ, ಓದುವಷ್ಟರಲ್ಲಿ ಮಾಯವಾಗುವ ಸಣ್ಣ ಅಕ್ಷರಗಳಲ್ಲಿ, ಆರೋಗ್ಯದ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕೆಂಬ ಒಂದು ಸಾಲು ಕಾಣಿಸುತ್ತದೆ. ಈ ಸಾಲು ತಪ್ಪಲ್ಲ. ಆದರೆ ಯಾರಿಗಾಗಿ ಅದನ್ನು ಬರೆದಿದೆಯೋ ಅವರನ್ನು ಅದು ಮುಟ್ಟುವುದಿಲ್ಲ. ಮೂವತ್ತು ವರ್ಷಗಳಿಂದ ಶಿವರಾತ್ರಿಯನ್ನು ತಪ್ಪಿಸದೆ ಆಚರಿಸಿದ ಅಜ್ಜಿಯೊಬ್ಬರು, ಸಕ್ಕರೆ ಕಾಯಿಲೆಗೆ ಬೆಳಗಿನ ಮಾತ್ರೆಯನ್ನು ನುಂಗಿ ಮನೆಗೆಲಸವನ್ನೆಲ್ಲ ತಾವೇ ಮಾಡಿಕೊಂಡಿರುವವರು, ತಮ್ಮನ್ನು ‘ಆರೋಗ್ಯದ ತೊಂದರೆಯುಳ್ಳವರು’ ಎಂದು ಏಕೆ ಭಾವಿಸಿಯಾರು? ಆ ಸಾಲಿನ ಸ್ಥಾನದಲ್ಲಿ ಏನನ್ನು ಹೇಳಬೇಕು, ಹಾಗೆ ಹೇಳಲು ಶರೀರಶಾಸ್ತ್ರದ ಆಧಾರವೇನು ಎಂಬುದೇ ಈ ಅಧ್ಯಾಯದ ವಿಷಯ.

ಉಪವಾಸದ ದಿನ ದೇಹದೊಳಗೆ ನಡೆಯುವುದನ್ನು ಮೊದಲು ನೋಡೋಣ. ತ್ರಯೋದಶಿಯ ರಾತ್ರಿ ಎಂಟೂವರೆಗೆ ಊಟ ಮಾಡಿ ಮಲಗಿದವನ ಕರುಳಿನಿಂದ ಸುಮಾರು ನಾಲ್ಕೈದು ಗಂಟೆಗಳ ಕಾಲ ಗ್ಲೂಕೋಸು ರಕ್ತಕ್ಕೆ ಸೇರುತ್ತಿರುತ್ತದೆ. ಅನಂತರ ಆ ಹೊಣೆ ಯಕೃತ್ತಿನದು. ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ಮೇಲೆತ್ತುತ್ತಿದ್ದಂತೆ, ಯಕೃತ್ತು ಊಟದ ಹೊತ್ತಿನ ಹೆಚ್ಚುವರಿ ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟು ಉಪವಾಸದ ವೇಳೆಯಲ್ಲಿ ಹನಿಹನಿಯಾಗಿ ಹೊರಬಿಡುತ್ತದೆ. ಈ ಸಂಗ್ರಹ ಸುಮಾರು 100 ಗ್ರಾಂ ಮಾತ್ರ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಬಳಸುವುದರಿಂದ, ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಸಂಗ್ರಹವು ಬಹುಮಟ್ಟಿಗೆ ಬರಿದಾಗುತ್ತದೆ. ಆದರೆ ಅದು ಬರಿದಾಗುವ ಮೊದಲೇ ಯಕೃತ್ತು, ಸ್ನಾಯುಗಳಿಂದ ಬಂದ ಅಮೈನೋ ಆಮ್ಲಗಳಿಂದಲೂ ಕೊಬ್ಬು ಕರಗಿದಾಗ ದೊರೆಯುವ ಗ್ಲಿಸರಾಲಿನಿಂದಲೂ ಹೊಸದಾಗಿ ಗ್ಲೂಕೋಸನ್ನು ತಯಾರಿಸತೊಡಗಿರುತ್ತದೆ. ಕೊಬ್ಬಿನಿಂದ ಕೀಟೋನುಗಳೂ ಹುಟ್ಟತೊಡಗುತ್ತವೆ. ಅಮೆರಿಕದ ಬಾಸ್ಟನ್ನಿನ ಜಾರ್ಜ್ ಕೇಹಿಲ್ ಎಂಬ ವೈದ್ಯವಿಜ್ಞಾನಿಯೂ ಆತನ ಸಹೋದ್ಯೋಗಿಗಳೂ 1960ರ ದಶಕದಲ್ಲಿ, ವಾರಗಟ್ಟಲೆ ನಿರಾಹಾರವಾಗಿದ್ದವರ ರಕ್ತವನ್ನು ಪರೀಕ್ಷಿಸಿ, ದೀರ್ಘ ಉಪವಾಸದಲ್ಲಿ ಮಿದುಳು ತನ್ನ ಇಂಧನದ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಈ ಕೀಟೋನುಗಳಿಂದಲೇ ಪಡೆಯಬಲ್ಲುದೆಂದು ತೋರಿಸಿಕೊಟ್ಟರು.

ಈ ವ್ಯವಸ್ಥೆಯನ್ನೆಲ್ಲ ನಡೆಸುವ ಸಂಜ್ಞೆ ಬಹು ಸರಳವಾದುದು. ರಕ್ತದಲ್ಲಿ ಗ್ಲೂಕೋಸು ಕಡಿಮೆಯಾಗುತ್ತಿದ್ದಂತೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನಿನ ಸ್ರಾವವನ್ನು ತಗ್ಗಿಸಿ, ಗ್ಲುಕಗಾನ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಿಸುತ್ತದೆ. ಇನ್ಸುಲಿನ್ ತಗ್ಗಿದರೆ ಮಾತ್ರ ಯಕೃತ್ತು ತನ್ನ ಸಂಗ್ರಹವನ್ನು ಬಿಟ್ಟುಕೊಡುತ್ತದೆ, ಕೊಬ್ಬು ಕರಗುತ್ತದೆ. ಆರೋಗ್ಯವಂತನಾದ ತರುಣನು ಶಿವರಾತ್ರಿಯ ಹಗಲನ್ನು ನಿರಾಯಾಸವಾಗಿ ಕಳೆಯುವುದಕ್ಕೆ ಕಾರಣ ಆತನ ಮನೋಬಲವೊಂದೇ ಅಲ್ಲ, ಸಕಾಲದಲ್ಲಿ ಇನ್ಸುಲಿನ್ನನ್ನು ತಗ್ಗಿಸಬಲ್ಲ ಈ ಗ್ರಂಥಿಯ ವಿವೇಕವೂ ಹೌದು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕಾಗಿದೆ. ಉಪವಾಸಕ್ಕೆ ನೊಬೆಲ್ ಪಾರಿತೋಷಕವೇ ಬಂದಿದೆಯೆಂದು ಹಲವು ವೀಡಿಯೊಗಳು ಸಾರುತ್ತವೆ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ಆ ಗೌರವ ಸಂದದ್ದು ನಿಜ. ಸಂದದ್ದು, ಜೀವಕೋಶವು ತನ್ನೊಳಗಿನ ಜೀರ್ಣಭಾಗಗಳನ್ನು ತಾನೇ ಒಡೆದು ಮರುಬಳಸುವ ‘ಆಟೋಫೇಜಿ’ ಎಂಬ ಕ್ರಿಯೆಯ ಕ್ರಮವನ್ನು, ಪೋಷಕಾಂಶಗಳಿಲ್ಲದೆ ಇರಿಸಿದ ಯೀಸ್ಟ್ ಕೋಶಗಳಲ್ಲಿ ಅವರು ಕಂಡುಹಿಡಿದುದಕ್ಕಾಗಿ. ಯೀಸ್ಟಿನಲ್ಲಿ ಕಂಡ ಆ ಮಹತ್ತಾದ ಸತ್ಯದಿಂದ, ಗ್ಲಿಮಿಪಿರೈಡ್ ಮಾತ್ರೆ ನುಂಗುವ ಅಜ್ಜಿಯು ಇಪ್ಪತ್ತನಾಲ್ಕು ಗಂಟೆ ಹಸಿದಿರಬಹುದೆಂಬ ಅನುಮತಿಯು ಹೊರಡುವುದಿಲ್ಲ.

ಆ ಮಾತ್ರೆಯ ಹೆಸರನ್ನು ಬೇಕೆಂದೇ ಎತ್ತಿದೆ. ಸಕ್ಕರೆ ಕಾಯಿಲೆಯ ಮಾತ್ರೆಗಳೆಲ್ಲವೂ ಒಂದೇ ಬಗೆಯವಲ್ಲ. ಉಪವಾಸದ ದಿನ ಅವುಗಳ ಭೇದವೇ ಮುಖ್ಯವಾಗುತ್ತದೆ. ಬಹುಜನರು ಸೇವಿಸುವ ಮೆಟ್‌ಫಾರ್ಮಿನ್ ಪ್ರಧಾನವಾಗಿ ಯಕೃತ್ತಿನ ಗ್ಲೂಕೋಸು ತಯಾರಿಕೆಯನ್ನು ಮಿತಗೊಳಿಸುತ್ತದೆ. ಅದೊಂದನ್ನೇ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಎಂಬಿವು ಬೇರೊಂದು ವರ್ಗಕ್ಕೆ ಸೇರಿದವು. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಅಯಾನುಗಳು ಹೊರಹೋಗುವ ಸೂಕ್ಷ್ಮ ದ್ವಾರಗಳಿವೆ. ಗ್ಲೂಕೋಸು ಹೆಚ್ಚಿದಾಗ ಅವು ಮುಚ್ಚಿಕೊಂಡು ಇನ್ಸುಲಿನ್ ಹೊರಬೀಳುವುದು ಸ್ವಾಭಾವಿಕ ಕ್ರಮ. ಈ ವರ್ಗದ ಔಷಧಿಗಳು, ಗ್ಲೂಕೋಸು ಇರಲಿ ಇಲ್ಲದಿರಲಿ, ಆ ದ್ವಾರಗಳನ್ನು ತಾವಾಗಿಯೇ ಮುಚ್ಚುತ್ತವೆ. ಊಟದ ದಿನ ಇದರಿಂದ ಉಪಕಾರವೇ ಆಗುತ್ತದೆ. ಉಪವಾಸದ ದಿನವಾದರೋ, ಇನ್ಸುಲಿನ್ ತಗ್ಗಬೇಕಾದ ಹೊತ್ತಿನಲ್ಲಿ ತಗ್ಗದೆ, ಯಕೃತ್ತಿನ ಸಂಗ್ರಹ ಹೊರಬಾರದಂತೆಯೂ ಕೊಬ್ಬು ಕರಗದಂತೆಯೂ ತಡೆದು, ಇದ್ದ ಗ್ಲೂಕೋಸನ್ನೂ ಸ್ನಾಯುಗಳಿಗೆ ತಳ್ಳಿ, ಮಿದುಳಿಗೆ ಅಭಾವವನ್ನುಂಟುಮಾಡುತ್ತದೆ. ಇನ್ಸುಲಿನ್ ಚುಚ್ಚುಮದ್ದಿನ ಮಾತೂ ಇದೇ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಎಂ.ಸಿ.ಸಿ. ‘ಬಿ’ ಬ್ಲಾಕಿನ ಒಂದು ಮನೆಯಲ್ಲಿ 68 ವರ್ಷದ ಅಜ್ಜಿ. ಬೆಳಗ್ಗೆ ಎಂಟಕ್ಕೆ ಗ್ಲಿಮಿಪಿರೈಡ್ 2 ಮಿಲಿಗ್ರಾಂ, ಅದರ ಜೊತೆ ಮೆಟ್‌ಫಾರ್ಮಿನ್. ಬಿಪಿಗೆ ಇನ್ನೊಂದು ಮಾತ್ರೆ, ಅದರಲ್ಲಿ ಮೂತ್ರವನ್ನು ಹೆಚ್ಚಿಸುವ ಅಂಶವೂ ಸೇರಿದೆ. ಶಿವರಾತ್ರಿಯ ಬೆಳಗ್ಗೆ ಆರಕ್ಕೆ ಬೆರಳು ಚುಚ್ಚಿ ನೋಡಿದ್ದರೆ ರಕ್ತದ ಸಕ್ಕರೆ 118 ಇದ್ದೀತು, ಚಿಂತೆಯಿಲ್ಲ. ಎಂಟಕ್ಕೆ, ಔಷಧಿಯನ್ನು ತಪ್ಪಿಸಬಾರದೆಂಬ ಒಳ್ಳೆಯ ಅಭ್ಯಾಸದಿಂದ, ಬರಿಹೊಟ್ಟೆಯಲ್ಲಿಯೇ ಮಾತ್ರೆಗಳನ್ನು ನುಂಗುತ್ತಾರೆ. ಎರಡು ಮೂರು ಗಂಟೆಗಳಲ್ಲಿ ಗ್ಲಿಮಿಪಿರೈಡಿನ ಪ್ರಮಾಣ ರಕ್ತದಲ್ಲಿ ಪರಮಾವಧಿಗೇರುತ್ತದೆ. ಆ ವೇಳೆಗೆ ಅಜ್ಜಿ ಹರಿಹರದಲ್ಲಿ, ತುಂಗಭದ್ರೆಯಲ್ಲಿ ಮಿಂದು, ಹರಿಯೂ ಹರನೂ ಒಂದೇ ವಿಗ್ರಹದಲ್ಲಿ ನೆಲೆಸಿರುವ ಹರಿಹರೇಶ್ವರನ ದರ್ಶನಕ್ಕಾಗಿ ಸಾಲಿನಲ್ಲಿ ನಿಂತಿದ್ದಾರೆ. ಹನ್ನೊಂದೂವರೆಗೆ ಕೈ ಸಣ್ಣಗೆ ನಡುಗುತ್ತದೆ. ಬಿಸಿಲಿಗೆ ಮೀರಿದ ತಣ್ಣನೆಯ ಬೆವರು. ಎದೆ ಬಡಿತ ಜೋರು. ಮಗಳ ಪ್ರಶ್ನೆಗೂ ಅಜ್ಜಿಯ ಉತ್ತರಕ್ಕೂ ಹೊಂದಿಕೆಯಿಲ್ಲ. ಸುತ್ತಲಿನವರು ಇದನ್ನು ಉಪವಾಸದ ಸಹಜವಾದ ನಿಶ್ಶಕ್ತಿಯೆಂದೇ ತಿಳಿದು, ಇನ್ನು ಸ್ವಲ್ಪ ಹೊತ್ತು ಸಹಿಸಿಕೊಳ್ಳಿರೆಂದು ಧೈರ್ಯ ಹೇಳುತ್ತಾರೆ. ಈಗ ಪರೀಕ್ಷಿಸಿದರೆ ಸಕ್ಕರೆ 62.

ಈ ಘಳಿಗೆಯಲ್ಲಿ ಮಾಡಬೇಕಾದುದು ಸ್ಪಷ್ಟವಾಗಿದೆ. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಪವಾಸವನ್ನು ಅಲ್ಲಿಗೇ ಮುಗಿಸತಕ್ಕದ್ದು. 300ಕ್ಕಿಂತ ಮೇಲೇರಿದರೂ ಹಾಗೆಯೇ. ರಂಜಾನಿನ ಉಪವಾಸಕ್ಕಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಇತರರೊಡಗೂಡಿ ರೂಪಿಸಿದ ಮಾರ್ಗಸೂಚಿಯಲ್ಲಿ ಈ ಎರಡು ಎಲ್ಲೆಗಳಿವೆ. ರಕ್ತಕ್ಕೆ ತಿಥಿಭೇದ ಮತಭೇದಗಳಿಲ್ಲವಾದ್ದರಿಂದ ಶಿವರಾತ್ರಿಗೂ ಏಕಾದಶಿಗೂ ಅವೇ ಸಲ್ಲುತ್ತವೆ. ಮೂರು ಚಹಾ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಸಿದರೆ ಸುಮಾರು 15 ಗ್ರಾಂ ಆಗುತ್ತದೆ; ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು, ಏರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಪರೀಕ್ಷಿಸುವ ಯಂತ್ರ ಹತ್ತಿರವಿಲ್ಲದಿದ್ದರೆ ಅದಕ್ಕಾಗಿ ಕಾಯದೆ ಸಕ್ಕರೆ ನೀರನ್ನು ಮೊದಲು ಕೊಡತಕ್ಕದ್ದು. 84ಕ್ಕೆ ಬಂದಿತೆಂದು ಕೈಬಿಡುವಂತಿಲ್ಲ. ಸಕ್ಕರೆಯ ನೀರಿನ ಫಲ ಅಲ್ಪಕಾಲದ್ದು, ಮಾತ್ರೆಯ ಫಲ ದಿನವಿಡೀ ನಿಲ್ಲುವಂಥದ್ದು. ಆದುದರಿಂದ ಒಡನೆಯೇ ಬಾಳೆಹಣ್ಣು, ಹಾಲು, ಅವಲಕ್ಕಿಗಳಂಥ ಆಹಾರ ಹೊಟ್ಟೆಗೆ ಬೀಳಬೇಕು. ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು: ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂಥ ಹೃದಯದ ಮಾತ್ರೆ ಸೇವಿಸುವವರಲ್ಲಿ ನಡುಕವೂ ಎದೆಬಡಿತವೂ ಮುಚ್ಚಿಹೋಗಬಹುದು, ಬೆವರು ಮಾತ್ರ ಉಳಿಯುತ್ತದೆ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿರುವ ಕೆಲವು ವೃದ್ಧರಲ್ಲಿ ಮುನ್ಸೂಚನೆ ಯಾವುದೂ ಇಲ್ಲದೆ, ಮಾತು ತಡವರಿಸುವುದೇ ಮೊದಲ ಲಕ್ಷಣವಾಗುವುದುಂಟು.

ಇನ್ನು, ಸಕ್ಕರೆ ಕಾಯಿಲೆಯ ಮಾತ್ರೆಯಿಲ್ಲದ ಹಿರಿಯರಿಗೂ ಸಕ್ಕರೆಯ ಕುಸಿತದಷ್ಟೇ ಅಪಾಯಕಾರಿಯಾದುದು ನೀರಿನ ಕೊರತೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಮೂತ್ರಪಿಂಡಗಳು ನೀರನ್ನು ಉಳಿಸಿಕೊಳ್ಳುವ ಸಾಮರ್ಥ್ಯವೂ ಕುಗ್ಗುತ್ತದೆ. ಚಳಿ ಶಿವ ಶಿವ ಎಂದು ಹೊರಟುಹೋಗಿ ಬಿಸಿಲು ಬಲಿಯತೊಡಗುವ ಈ ಕಾಲದಲ್ಲಿ, ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ನುಂಗಿ, ನೀರೂ ಮುಟ್ಟದೆ, ಜಾಗರಣೆಯ ನಡುವೆ ನೆಲದಿಂದ ಥಟ್ಟನೆ ಎದ್ದರೆ, ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಟ್ಟು ಬೀಳುವುದು ಆಶ್ಚರ್ಯವಲ್ಲ. ಆ ವಯಸ್ಸಿನಲ್ಲಿ ಒಂದು ಬೀಳುವಿಕೆಯೆಂದರೆ ಮುರಿದ ತೊಡೆಯ ಮೂಳೆ, ತಿಂಗಳುಗಟ್ಟಲೆ ಹಾಸಿಗೆ. ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆ ವೃದ್ಧರಲ್ಲಿ ನಂಬಲರ್ಹವಲ್ಲ, ಏಕೆಂದರೆ ಅವರ ಚರ್ಮ ಹೇಗೂ ಸಡಿಲವಾಗಿರುತ್ತದೆ. ಒಣಗಿದ ನಾಲಗೆ, ಗಾಢ ಬಣ್ಣದ ಅಲ್ಪಮೂತ್ರ, ಎದ್ದು ನಿಂತಾಗ ತಲೆಸುತ್ತು, ಇವೇ ಸರಿಯಾದ ಗುರುತುಗಳು. ಆದುದರಿಂದ ನಿರ್ಜಲ ಉಪವಾಸವನ್ನು ಹಿರಿಯರಿಗೆ ಹೇಳಿಕೊಡುವ ವೀಡಿಯೊವನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ಆದರೆ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿಯಿರುವವರು ಆ ಮಿತಿಯೊಳಗೇ ಇರಬೇಕೆಂಬುದನ್ನೂ ಕೂಡಿಸಬೇಕು.

ಇನ್ನು ಸಂಜೆಯ ಫಲಾಹಾರ. ಹಗಲು ಕುಸಿತದ ಭಯವಾದರೆ ಸಂಜೆ ಏರಿಕೆಯ ಭಯ. ಸಬ್ಬಕ್ಕಿಯೆಂದರೆ ಹೆಚ್ಚುಕಡಮೆ ಶುದ್ಧ ಪಿಷ್ಟ. ಒಣಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆಯೇ. ಇವೆರಡರ ಮೇಲೆ ದ್ರಾಕ್ಷಿ, ಬಾಳೆ, ತಂಬಿಟ್ಟುಗಳನ್ನೂ ಕೂಡಿಸಿ ಹಸಿದ ಹೊಟ್ಟೆಗೆ ಒಮ್ಮೆಗೇ ಹಾಕಿದರೆ, ಮಧ್ಯಾಹ್ನ 62 ಇದ್ದ ರಕ್ತವೇ ರಾತ್ರಿ ಒಂಬತ್ತಕ್ಕೆ 300ರ ಹತ್ತಿರ ಹೋಗಬಹುದು. ಫಲಾಹಾರವನ್ನು ಬಿಡಬೇಕಾಗಿಲ್ಲ, ಕ್ರಮವನ್ನು ಬದಲಿಸಿದರೆ ಸಾಕು. ಮೊದಲು ನೀರು ಅಥವಾ ಮಜ್ಜಿಗೆ, ಆಮೇಲೆ ಒಂದು ಹಿಡಿ ಹುರಿದ ಶೇಂಗಾ, ಸೌತೆಕಾಯಿ, ಒಂದು ಲೋಟ ಹಾಲು, ಹಣ್ಣು ಒಂದೇ ಬಗೆಯದು, ಒಂದು ಸಣ್ಣ ಬಟ್ಟಲು, ಖರ್ಜೂರ ಒಂದು, ಖಿಚಡಿ ಬೇಕೇಬೇಕಾದರೆ ಶೇಂಗಾ ಹೆಚ್ಚಾಗಿ ಸಬ್ಬಕ್ಕಿ ಕಡಮೆಯಾಗಿ ಅರ್ಧ ತಟ್ಟೆ. ಕೊಬ್ಬು ಮತ್ತು ಪ್ರೋಟೀನು ಜಠರದಿಂದ ಆಹಾರ ಇಳಿಯುವುದನ್ನು ನಿಧಾನಗೊಳಿಸುವುದರಿಂದ ಸಕ್ಕರೆಯ ಏರಿಕೆಯೂ ನಿಧಾನವಾಗುತ್ತದೆ.

ಇಷ್ಟನ್ನು ತಿಳಿಸಿಯೂ, ಉಪವಾಸ ಬೇಡವೆಂದು ಹಿರಿಯರಿಗೆ ಹೇಳುವುದು ಸುಲಭವಲ್ಲ. ಅವರಿಗೆ ಅದು ಆಹಾರದ ಪ್ರಶ್ನೆಯಲ್ಲ, ಆಯುಷ್ಯದ ನಿಷ್ಠೆಯ ಪ್ರಶ್ನೆ. ಆದರೆ ನಮ್ಮ ಶಾಸ್ತ್ರಗಳೇ ಈ ವಿಷಯದಲ್ಲಿ ನಮಗಿಂತ ಉದಾರವಾಗಿವೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತಕ್ಕೆ ಭಂಗ ತಾರದ ಎಂಟು ವಸ್ತುಗಳನ್ನು ಹೇಳಿದೆ. ನೀರು, ಗೆಡ್ಡೆ, ಹಣ್ಣು, ಹಾಲು ಅವುಗಳಲ್ಲಿವೆ, ಔಷಧಿಯೂ ಇದೆ, ಗುರುವಿನ ಮಾತೂ ಇದೆ. ಕುರಾನಿನ ಎರಡನೆಯ ಅಧ್ಯಾಯವು ರೋಗಿಗಳಿಗೂ ಪ್ರಯಾಣಿಕರಿಗೂ ಬೇರೆ ದಿನಗಳಲ್ಲಿ ಉಪವಾಸವನ್ನು ಪೂರ್ಣಗೊಳಿಸುವ ಅವಕಾಶವಿತ್ತು, ಕಷ್ಟದಿಂದ ಮಾತ್ರ ಆಚರಿಸಬಲ್ಲವರಿಗೆ ಬಡವನೊಬ್ಬನಿಗೆ ಉಣಬಡಿಸುವ ಪರಿಹಾರವನ್ನು ಹೇಳುತ್ತದೆ. ಹಿಂದೂ ಮುಸಲ್ಮಾನರು ನೆರೆಹೊರೆಯಾಗಿ ಬಾಳುವ ದಾವಣಗೆರೆಯಲ್ಲಿ ಈ ಎರಡನ್ನೂ ಹೇಳಬೇಕಾದುದು ಸಹಜವೇ ಆಗಿದೆ.

ವೀಡಿಯೊ ಮಾಡುವವರು ಗಮನಿಸಬೇಕಾದುದು ಇಷ್ಟು. ಆರೋಗ್ಯದ ಮಾತು ಕೊನೆಯಲ್ಲಲ್ಲ, ಮೊದಲಲ್ಲಿ ಬರಬೇಕು. ಮನೆಯವರ ವಾಟ್ಸಾಪ್ ಗುಂಪುಗಳಿಗೆ ಹೋಗುವಾಗ ವೀಡಿಯೊದ ಬಾಲ ಕತ್ತರಿಸಿಹೋಗುತ್ತದೆ, ಇಲ್ಲವೆ ಖಿಚಡಿ ತಟ್ಟೆಗೆ ಬಂದೊಡನೆ ನೋಡುವವರು ನಿಲ್ಲಿಸಿಬಿಡುತ್ತಾರೆ. ಅದು ಬರಹವಾಗಿರದೆ ಧ್ವನಿಯಾಗಿರಬೇಕು, ಏಕೆಂದರೆ ಪೊರೆ ಬಂದ ಕಣ್ಣುಗಳಿಗೆ ಪರದೆಯ ಸಣ್ಣ ಅಕ್ಷರ ನಿಲುಕದು. ಕಾಯಿಲೆಯ ಹೆಸರಿಗಿಂತ ಮಾತ್ರೆಯನ್ನು ಹೆಸರಿಸಬೇಕು; ಜನ ತಮ್ಮನ್ನು ಗುರುತಿಸಿಕೊಳ್ಳುವುದು ಮಾತ್ರೆಯ ಪಟ್ಟಿಯಿಂದ. ಮತ್ತು ಉಪವಾಸ ಬಿಡುವವರಿಗೆ ಪೂಜೆಯಲ್ಲಿ ಒಂದು ಸ್ಥಾನವನ್ನು ತೋರಿಸಬೇಕು. ನಾನು ಬರೆದುಕೊಡುವುದಾದರೆ ಹೀಗೆ ಬರೆದುಕೊಟ್ಟೇನು:

“ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಉಪವಾಸ ಹೇಗೆ ಮಾಡೋದು ಅಂತ ಹೇಳೋ ಮುಂಚೆ ಒಂದು ಮಾತು ಕೇಳಿ. ನೀವು ಷುಗರ್‌ಗೆ ಮಾತ್ರೆ ತಗೊಳ್ತಿದ್ರೆ, ಇನ್ಸುಲಿನ್ ಚುಚ್ಚಿಕೊಳ್ತಿದ್ರೆ, ಬಿಪಿ, ಹೃದಯ, ಕಿಡ್ನಿ ಮಾತ್ರೆ ನುಂಗ್ತಿದ್ರೆ, ಮಾತ್ರೆ ಪಟ್ಟಿನೆಲ್ಲ ಒಂದು ವಾರ ಮುಂಚೆನೇ ನಿಮ್ಮ ಡಾಕ್ಟರಿಗೆ ತೋರಿಸಿ. ಉಪವಾಸ ಮಾಡಬಹುದಾ, ಮಾಡಿದ್ರೆ ಅವತ್ತು ಯಾವ ಮಾತ್ರೆ ತಗೋಬೇಕು, ಯಾವುದು ಬೇಡ ಅಂತ ಕೇಳಿ. ನಾವಾಗೇ ಬಿಡೋದೂ ಬೇಡ, ಬರಿಹೊಟ್ಟೆಗೆ ನುಂಗೋದೂ ಬೇಡ. ಬಸುರಿ, ಬಾಣಂತಿ, ಹಾಲು ಕುಡಿಸೋ ತಾಯಿ, ಮಕ್ಕಳು, ಈಚೆಗೆ ಕಾಯಿಲೆ ಬಿದ್ದು ಎದ್ದವರು ಉಪವಾಸ ಮಾಡೋದು ಬೇಡ. ನೀರು ಬಿಡಬೇಡಿ. ಕೈ ನಡುಗಿ ಬೆವರು ಬಂದ್ರೆ ಅಲ್ಲೇ ಸಕ್ಕರೆ ನೀರು ಕುಡೀರಿ, ಶಿವ ಬೇಜಾರು ಮಾಡ್ಕೊಳ್ಳಲ್ಲ. ಉಪವಾಸ ಮಾಡದೋರು ಬಿಲ್ವಪತ್ರೆ ಬಿಡಿಸಿಕೊಡಿ, ಮೊದಲನೇ ಜಾವದ ಪೂಜೆಗೆ ಕೂತ್ಕೊಳ್ಳಿ, ಮೊಮ್ಮಕ್ಕಳಿಗೆ ಶಿವನ ಕಥೆ ಹೇಳಿ.”

ನಿಧಾನವಾಗಿ ಓದಿದರೂ ಇದಕ್ಕೆ ಒಂದು ನಿಮಿಷದ ಆಸುಪಾಸಿನ ಕಾಲ ಸಾಕು. ವಾರ ಮುಂಚೆ ಎಂದು ಹೇಳಿದುದಕ್ಕೆ ಕಾರಣವಿದೆ. ಗ್ಲಿಮಿಪಿರೈಡನ್ನು ಆ ಬೆಳಗ್ಗೆ ಬಿಡಿಸಬೇಕೋ, ಸಂಜೆಯ ಆಹಾರಕ್ಕೆ ಸರಿಸಬೇಕೋ, ಅರ್ಧಕ್ಕಿಳಿಸಬೇಕೋ ಎಂಬುದನ್ನು ವೈದ್ಯರು ಆಯಾ ವ್ಯಕ್ತಿಯ ಹಿಂದಿನ ಪರೀಕ್ಷೆಗಳನ್ನು ನೋಡಿಯೇ ನಿಶ್ಚಯಿಸಬೇಕು. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ, ಮೂತ್ರದೊಡನೆ ಸಕ್ಕರೆಯನ್ನು ಹೊರಹಾಕುವ ಮಾತ್ರೆಗಳಿಗೆ ಇನ್ನೂ ಮುಂಚೆಯೇ ಆಲೋಚನೆ ಬೇಕು. ನಿರಾಹಾರದಲ್ಲಿ ಅವು ನೀರಿನ ಕೊರತೆಯನ್ನೂ, ಕೆಲವೊಮ್ಮೆ ರಕ್ತದ ಸಕ್ಕರೆ ಬಹಳವಾಗಿ ಏರದೆಯೇ ಕೀಟೋನುಗಳಿಂದ ರಕ್ತ ಆಮ್ಲವಾಗುವ ಅಪಾಯವನ್ನೂ ತರಬಲ್ಲವು. ಓಕರಿಕೆ, ಹೊಟ್ಟೆನೋವು, ಏದುಸಿರು ಅದರ ಲಕ್ಷಣಗಳು. ಬಾಲ್ಯದಿಂದಲೇ ಇನ್ಸುಲಿನ್ ಅವಲಂಬಿಸಿರುವ ಒಂದನೆಯ ಬಗೆಯ ಮಧುಮೇಹಿಗಳು ಊಟವಿಲ್ಲವೆಂದು ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸಿದರೆ ಇದೇ ಆಮ್ಲವಿಕಾರಕ್ಕೆ ಗುರಿಯಾಗುತ್ತಾರೆ. ಅವರು ಉಪವಾಸಕ್ಕೆ ಕೈಹಾಕದಿರುವುದೇ ಲೇಸು.

ಕೊನೆಯದಾಗಿ, ಹಿರಿಯರು ಎಚ್ಚರ ತಪ್ಪಿ ಮಲಗಿದ್ದರೆ ಬಾಯಿಗೆ ನೀರಾಗಲಿ ಸಕ್ಕರೆಯಾಗಲಿ ಜೇನಾಗಲಿ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿದೀತು. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ, ಹತ್ತಿರ ಯಾವುದಿದ್ದರೆ ಅಲ್ಲಿಗೆ, ಸೇವಿಸಿದ ಮಾತ್ರೆಗಳ ಪಟ್ಟಿಯೊಡನೆ ಒಯ್ಯಬೇಕು. ನರಕ್ಕೆ ಗ್ಲೂಕೋಸು ಕೊಟ್ಟೊಡನೆ ಅವರು ಕಣ್ಣು ತೆರೆದು, ಮನೆಗೆ ಹೋಗೋಣವೆಂದು ಹಟ ಹಿಡಿಯುವುದುಂಟು. ಆದರೆ ಗ್ಲಿಮಿಪಿರೈಡ್ ವರ್ಗದ ಮಾತ್ರೆಯಿಂದಾದ ಕುಸಿತವು, ವಿಶೇಷವಾಗಿ ಮೂತ್ರಪಿಂಡಗಳು ಕ್ಷೀಣಿಸಿದವರಲ್ಲಿ, ಕೆಲವು ಗಂಟೆಗಳ ಮೇಲೆ ಮರುಕಳಿಸುವ ಸಂಭವವಿರುವುದರಿಂದ, ಒಂದು ದಿನವಾದರೂ ಅವರನ್ನು ಆಸ್ಪತ್ರೆಯಲ್ಲಿಯೇ ಇರಿಸಿ ಮತ್ತೆ ಮತ್ತೆ ಸಕ್ಕರೆಯನ್ನು ಪರೀಕ್ಷಿಸುತ್ತಿರಬೇಕು.